ಸಾಲದ ಕಂತು ಭಾರವಾದಾಗ ಬ್ಯಾಂಕಿಗೆ ಏನು ಬರೆಯಬೇಕು? ಸಣ್ಣ ಕಾರ್ಖಾನೆಯವರಿಗೆ ನಗದು ಲೆಕ್ಕದ ದಾರಿ

"ಆರ್ಡರ್ ಇದೆ, ಲಾಭವೂ ಇದೆ. ಆದರೆ ಕಂತಿನ ದಿನ ಖಾತೆಯಲ್ಲಿ ದುಡ್ಡು ಇರಲ್ಲ. ಬ್ಯಾಂಕಿಗೆ ಏನಂತ ಬರೆಯಲಿ?" ಸಣ್ಣ ಕಾರ್ಖಾನೆ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಒಂದು ಪುಟದ ಪತ್ರ ಬರೆಯುತ್ತಾರೆ. ಅದರಲ್ಲಿ ಮಾರುಕಟ್ಟೆಯ ಕಷ್ಟ, ಇಷ್ಟು ವರ್ಷದ ಒಳ್ಳೆಯ ಸಂಬಂಧ, ಕೊನೆಗೆ "ದಯವಿಟ್ಟು ಸಹಕರಿಸಿ" ಎಂಬ ಮಾತು ಇರುತ್ತದೆ. ಶಾಖೆಯ ಮ್ಯಾನೇಜರಿಗೆ ನಿಮ್ಮ ಮೇಲೆ ಎಷ್ಟೇ ವಿಶ್ವಾಸವಿದ್ದರೂ ಈ ಪತ್ರ ಹಿಡಿದುಕೊಂಡು ಅವರು ಏನೂ ಮಾಡಲಾರರು. ಅವರು ಅದನ್ನು ಮೇಲಿನ ಕ್ರೆಡಿಟ್ ವಿಭಾಗಕ್ಕೆ ಕಳಿಸಬೇಕು. ಅಲ್ಲಿ ಕೂತವರು ನಿಮ್ಮನ್ನು ನೋಡಿಯೇ ಇರುವುದಿಲ್ಲ, ಅವರು ನೋಡುವುದು ಅಂಕಿ ಮಾತ್ರ.

ಅದಕ್ಕೇ ಈ ಲೇಖನದಲ್ಲಿ ಪತ್ರಕ್ಕಿಂತ ಜಾಸ್ತಿ ಜಾಗ ಪತ್ರದ ಹಿಂದಿನ ಲೆಕ್ಕಕ್ಕೆ. ಮರುಹೊಂದಾಣಿಕೆ ಅಂದರೆ ಸಾಲದ ಮೊತ್ತ ಬಿಡಿಸಿಕೊಳ್ಳುವುದಲ್ಲ. ಅದೇ ಸಾಲವನ್ನು ಬೇರೆ ಕಂತಿನಲ್ಲಿ, ಬೇರೆ ಅವಧಿಯಲ್ಲಿ ತೀರಿಸಲು ಒಪ್ಪಂದ ಬದಲಿಸಿಕೊಳ್ಳುವುದು. ಹೊಸ ಕಂತು ಎಷ್ಟಿರಬೇಕು ಎನ್ನುವುದು ನಿಮ್ಮ ನಗದು ಲೆಕ್ಕದಿಂದಲೇ ಹೊರಬರಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಅಂಕಿಗಳೆಲ್ಲ ಲಕ್ಷದಲ್ಲಿವೆ. ಬಡ್ಡಿ ದರ, ನಿಯಮ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಥರ ಇರಬಹುದು, ಲೆಕ್ಕ ಮಾಡುವ ರೀತಿ ಬದಲಾಗುವುದಿಲ್ಲ.

ಉದಾಹರಣೆಯ ಕಾರ್ಖಾನೆ

ತಗಡು ಕತ್ತರಿಸಿ, ಬಗ್ಗಿಸಿ ಯಂತ್ರಗಳ ಹೊರಕವಚ ಮಾಡುವ ಒಂದು ಸಣ್ಣ ಘಟಕ. ತಿಂಗಳಿಗೆ 20 ಲಕ್ಷದ ಮಾಲು ಹೋಗುತ್ತದೆ. ಅದರಲ್ಲಿ 8 ಲಕ್ಷದ್ದು ಒಬ್ಬನೇ ದೊಡ್ಡ ಗ್ರಾಹಕನಿಗೆ, ಉಳಿದ 12 ಲಕ್ಷದ್ದು ಚಿಕ್ಕ ಗ್ರಾಹಕರಿಗೆ. ಯಂತ್ರಕ್ಕೆ ತೆಗೆದ ಟರ್ಮ್ ಲೋನ್, ಅಂದರೆ ನಿಗದಿತ ಅವಧಿಯ ಸಾಲ, ಇನ್ನೂ 60 ಲಕ್ಷ ಬಾಕಿ ಇದೆ. ಬಡ್ಡಿ ವರ್ಷಕ್ಕೆ ಶೇ. 12, ಉಳಿದಿರುವುದು 30 ಕಂತು, ತಿಂಗಳ ಕಂತು 2.32 ಲಕ್ಷ. ಇದಲ್ಲದೆ ದಿನದ ವ್ಯವಹಾರಕ್ಕೆ 30 ಲಕ್ಷದ ಓವರ್‌ಡ್ರಾಫ್ಟ್, ಅಂದರೆ ಓಡಿ ಇದೆ.

ದೊಡ್ಡ ಗ್ರಾಹಕ ಮೊದಲು 60 ದಿನಕ್ಕೆ ದುಡ್ಡು ಕೊಡುತ್ತಿದ್ದ. ಈಗ 120 ದಿನ ಮಾಡಿದ್ದಾನೆ. ಮಾರಾಟ ಕಡಿಮೆಯಾಗಿಲ್ಲ, ಲಾಭದ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಆದರೆ ಎರಡು ತಿಂಗಳ ಬಿಲ್, 16 ಲಕ್ಷ, ಹೊರಗೆ ಸಿಕ್ಕಿಕೊಂಡಿತು. ಮಾಲೀಕರು 6 ಲಕ್ಷವನ್ನು ಓಡಿಯಿಂದ ಎಳೆದು ಅದನ್ನು ಪೂರ್ತಿ ಖಾಲಿ ಮಾಡಿದರು. ಉಳಿದ 10 ಲಕ್ಷಕ್ಕೆ ತಗಡು ಕೊಡುವವರ ಬಾಕಿ ನಿಲ್ಲಿಸಿದರು. ಈಗ ತಗಡಿನವರು ಹೊಸ ಮಾಲಿಗೆ ನಗದು ಕೇಳುತ್ತಿದ್ದಾರೆ, ಹಳೆ ಬಾಕಿಗೆ ತಿಂಗಳಿಗೆ 1 ಲಕ್ಷ ಬೇರೆ.

ನಿಮ್ಮ ಕಾರಣ ಬೇರೆ ಇರಬಹುದು. ಏನೇ ಇರಲಿ, ಅದನ್ನು ಹೀಗೆ ನಾಲ್ಕು ಸಾಲಲ್ಲಿ, ಅಂಕಿ ಸಮೇತ ಹೇಳಲು ಬರಬೇಕು. "ವ್ಯಾಪಾರ ಡಲ್ ಆಗಿದೆ" ಎಂದರೆ ಬ್ಯಾಂಕಿನವರಿಗೆ ಅದು ಯಾವಾಗ ಸರಿಹೋಗುತ್ತದೆ ಎಂದು ಗೊತ್ತಾಗುವುದಿಲ್ಲ. "16 ಲಕ್ಷ ಸಿಕ್ಕಿಕೊಂಡಿದೆ, 6 ಇಲ್ಲಿಂದ ತುಂಬಿಸಿದೆ, 10 ಅಲ್ಲಿಂದ" ಎಂದರೆ ಗುಂಡಿಯ ಆಳ ಎಷ್ಟು ಅಂತ ಕಾಣುತ್ತದೆ.

ಹಂತ 1: ಕಂತು ತಪ್ಪುವ ಮೊದಲೇ ಹೋಗಿ

ಎಲ್ಲಕ್ಕಿಂತ ದುಬಾರಿ ತಪ್ಪು ಇಲ್ಲೇ ಆಗುತ್ತದೆ. "ಈ ತಿಂಗಳು ಹೇಗೋ ಸರಿ ಮಾಡೋಣ" ಎಂದು ಎರಡು ಮೂರು ಕಂತು ತಪ್ಪಿದ ಮೇಲೆ ಬ್ಯಾಂಕಿಗೆ ಹೋಗುತ್ತಾರೆ.

ಬ್ಯಾಂಕುಗಳ ನಿಗಾ ನಿಯಮ ರೂಪಿಸುವ ಬಾಸೆಲ್ ಸಮಿತಿ 2017ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 90 ದಿನ ಮೀರಿ ಬಾಕಿ ಉಳಿದ ಸಾಲವನ್ನು ಕೆಟ್ಟ ಸಾಲ ಎಂದು ಗುರುತಿಸಬೇಕು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 9 ಅನುಸರಿಸುವ ಬ್ಯಾಂಕುಗಳಲ್ಲಿ 30 ದಿನ ದಾಟಿದರೇ ಸಾಲದ ಅಪಾಯ ಹೆಚ್ಚಿದೆ ಎಂದು ಸಾಮಾನ್ಯವಾಗಿ ಲೆಕ್ಕ. ಆಗ ಬ್ಯಾಂಕ್ ನಿಮ್ಮ ಸಾಲಕ್ಕಾಗಿ ತನ್ನ ಲಾಭದಿಂದ ಜಾಸ್ತಿ ಹಣ ತೆಗೆದಿಡಬೇಕಾಗುತ್ತದೆ. ಅಲ್ಲಿಂದ ಮುಂದೆ ನಿಮ್ಮ ಫೈಲು ವಸೂಲಿ ವಿಭಾಗದ ಕಡೆ ವಾಲುತ್ತದೆ. ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ.

ಉದಾಹರಣೆಯ ಮಾಲೀಕರಿಗೆ ಮೂರನೇ ತಿಂಗಳಲ್ಲಿ ಕಂತು ತಪ್ಪುತ್ತದೆ ಎಂದು ಇವತ್ತೇ ಕಾಣುತ್ತಿದೆ. ಹಾಗಾದರೆ ಅವರು ಇವತ್ತೇ ಹೋಗಬೇಕು. ಮನವಿ ಮಂಜೂರಾಗಲು ವಾರಗಟ್ಟಲೆ ಹಿಡಿಯುತ್ತದೆ, ಕಾಗದ ಕಮ್ಮಿ ಬಿದ್ದರೆ ತಿಂಗಳುಗಟ್ಟಲೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕಷ್ಟದಲ್ಲಿದ್ದ ಸಾಲಗಾರನಿಗೆ ರಿಯಾಯಿತಿ ಕೊಟ್ಟರೆ ಆ ಸಾಲದ ಮೇಲೆ ಬ್ಯಾಂಕ್ ಬೇರೆ ಗುರುತು ಹಾಕುತ್ತದೆ. ಅದೇ ಮಾರ್ಗಸೂಚಿಯ ಪ್ರಕಾರ, ಹೊಸ ಕಂತನ್ನು ಕನಿಷ್ಠ ಒಂದು ವರ್ಷ ಸರಿಯಾಗಿ ಕಟ್ಟಿದ ಮೇಲೆಯೇ ಆ ಗುರುತು ತೆಗೆಯಬಹುದು. ಅಲ್ಲಿಯವರೆಗೆ ಹೊಸ ಸಾಲ ಸಿಗುವುದು ಕಷ್ಟ. ಮುಂದಿನ ವರ್ಷ ಹೊಸ ಯಂತ್ರಕ್ಕೆ ಸಾಲ ಬೇಕು ಅಂತ ಇದ್ದರೆ ಇದನ್ನೂ ತೂಗಿ ನೋಡಿ.

ಹಂತ 2: ಕಾಗದ ಒಟ್ಟು ಮಾಡಿ

ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ಮೂರು ವರ್ಷದ ಆಡಿಟ್ ಆದ ಲೆಕ್ಕ, ಕೈಯಲ್ಲಿರುವ ಆರ್ಡರ್‌ಗಳ ಪ್ರತಿ, ಮತ್ತು ಈಗಿನ ಸಾಲದ ಮಂಜೂರಾತಿ ಪತ್ರ. ಇವು ಎಲ್ಲರಿಗೂ ಗೊತ್ತಿರುವಂಥವೇ.

ಜನ ಬಿಡುವುದು ಇನ್ನೆರಡನ್ನು. ಒಂದು, ಬರಬೇಕಾದ ಬಾಕಿಯ ವಯಸ್ಸಿನ ಪಟ್ಟಿ. ಯಾವ ಗ್ರಾಹಕನಿಂದ ಎಷ್ಟು ಬರಬೇಕು, ಅದರಲ್ಲಿ 30 ದಿನದ ಒಳಗಿನದ್ದೆಷ್ಟು, 60, 90, ಅದಕ್ಕೂ ಹಳೆಯದ್ದೆಷ್ಟು ಎಂದು ಬಿಡಿಸಿ ತೋರಿಸುವ ಪಟ್ಟಿ ಇದು. ಇನ್ನೊಂದು, ಕೊಡಬೇಕಾದ ಬಾಕಿಗೂ ಇಂಥದ್ದೇ ಪಟ್ಟಿ. ಉದಾಹರಣೆಯಲ್ಲಿ ಇಡೀ ಕಥೆ ಇರುವುದು ಈ ಎರಡು ಪಟ್ಟಿಗಳಲ್ಲೇ. ದೊಡ್ಡ ಗ್ರಾಹಕನ ಹೆಸರಿನ ಎದುರು 32 ಲಕ್ಷ, ತಗಡಿನವರ ಹೆಸರಿನ ಎದುರು 10 ಲಕ್ಷ. ಲಾಭ-ನಷ್ಟದ ಪುಟ ಎಷ್ಟು ಸಲ ತಿರುಗಿಸಿದರೂ ಇದು ಸಿಗುವುದಿಲ್ಲ.

ಹಂತ 3: ತಿಂಗಳು ತಿಂಗಳಿನ ನಗದು ಪಟ್ಟಿ ಮಾಡಿ

ಈ ಹಂತಕ್ಕೆ ಎರಡು ದಿನ ಹೋದರೂ ಪರವಾಗಿಲ್ಲ. ಬ್ಯಾಂಕಿಗೆ ಕನಿಷ್ಠ 12 ತಿಂಗಳದ್ದು ಬೇಕು. ಇಲ್ಲಿ ಮೊದಲ 6 ತಿಂಗಳು ತೋರಿಸುತ್ತೇನೆ, ಬಿಗಿ ಇರುವುದು ಅಲ್ಲೇ.

ಒಂದೇ ನಿಯಮ: ದುಡ್ಡು ಖಾತೆಗೆ ಯಾವ ತಿಂಗಳು ಬೀಳುತ್ತದೋ ಆ ತಿಂಗಳಲ್ಲಿ ಬರೆಯಿರಿ, ಬಿಲ್ ಹಾಕಿದ ತಿಂಗಳಲ್ಲಿ ಅಲ್ಲ. ಖರ್ಚೂ ಹಾಗೇ. ಸವಕಳಿ, ಅಂದರೆ ಯಂತ್ರ ಹಳೆಯದಾಗುವುದಕ್ಕೆ ಲೆಕ್ಕದಲ್ಲಿ ಕಳೆಯುವ ಮೊತ್ತ, ಇಲ್ಲಿ ಬರುವುದಿಲ್ಲ, ಯಾಕೆಂದರೆ ಅದಕ್ಕೆ ಯಾರಿಗೂ ದುಡ್ಡು ಕೊಡುವುದಿಲ್ಲ. ಆದರೆ ನೀವು ಮನೆಖರ್ಚಿಗೆ ತೆಗೆಯುವ ದುಡ್ಡು ಬರಲೇಬೇಕು. ಅದನ್ನು ಬಿಟ್ಟರೆ ಸ್ಟೇಟ್‌ಮೆಂಟ್ ನೋಡಿದ ಅಧಿಕಾರಿ ಐದು ನಿಮಿಷದಲ್ಲಿ ಹಿಡಿಯುತ್ತಾರೆ. ಆಮೇಲೆ ಮಿಕ್ಕ ಅಂಕಿಗಳನ್ನೂ ನಂಬುವುದಿಲ್ಲ.

| ವಿವರ | ತಿಂ. 1 | ತಿಂ. 2 | ತಿಂ. 3 | ತಿಂ. 4 | ತಿಂ. 5 | ತಿಂ. 6 |
|---|---|---|---|---|---|---|
| ಚಿಕ್ಕ ಗ್ರಾಹಕರಿಂದ | 12 | 12 | 10 | 10.5 | 12 | 12.5 |
| ದೊಡ್ಡ ಗ್ರಾಹಕನಿಂದ | 8 | 8 | 8 | 8 | 8 | 8 |
| ಕಚ್ಚಾ ಮಾಲು | 12 | 10.8 | 11.1 | 12 | 12.3 | 12.3 |
| ಸಂಬಳ, ಕೂಲಿ | 3 | 3 | 3 | 3 | 3 | 3 |
| ಕರೆಂಟು, ಬಾಡಿಗೆ, ತೆರಿಗೆ, ವಿಮೆ, ಮನೆಖರ್ಚು | 2.2 | 2.2 | 2.2 | 3.0 | 2.2 | 2.2 |
| ಓಡಿ ಬಡ್ಡಿ | 0.3 | 0.3 | 0.3 | 0.3 | 0.3 | 0.3 |
| ತಗಡಿನವರ ಹಳೆ ಬಾಕಿ | 1 | 1 | 1 | 1 | 1 | 1 |
| ಕಂತಿಗೆ ಮೊದಲು ಉಳಿದದ್ದು | 1.5 | 2.7 | 0.4 | −0.8 | 1.2 | 1.7 |

ನಾಲ್ಕನೇ ತಿಂಗಳು ನೋಡಿ. ಎರಡು ಮತ್ತು ಮೂರನೇ ತಿಂಗಳಲ್ಲಿ ಚಿಕ್ಕ ಗ್ರಾಹಕರ ಆರ್ಡರ್ ಸ್ವಲ್ಪ ಇಳಿಯುತ್ತದೆ. ಅವರು ಒಂದು ತಿಂಗಳಿಗೆ ದುಡ್ಡು ಕೊಡುವವರು. ಹಾಗಾಗಿ ಇಳಿದ ಪೆಟ್ಟು ಮೂರು ಮತ್ತು ನಾಲ್ಕನೇ ತಿಂಗಳಲ್ಲಿ ಖಾತೆಗೆ ಬೀಳುತ್ತದೆ. ಅಷ್ಟರಲ್ಲಿ ನಾಲ್ಕನೇ ತಿಂಗಳ ಆರ್ಡರ್ ಮತ್ತೆ ಏರಿದೆ, ತಗಡು ನಗದು ಕೊಟ್ಟು ತರಬೇಕು. ಮೇಲಿಂದ ಅದೇ ತಿಂಗಳು 0.8 ಲಕ್ಷದ ವಿಮೆ ಪ್ರೀಮಿಯಂ. ಕೆಲಸ ಚೇತರಿಸಿಕೊಳ್ಳುವ ತಿಂಗಳಲ್ಲೇ ನಗದು ಎಲ್ಲಕ್ಕಿಂತ ಕೆಳಗೆ ಹೋಗುತ್ತದೆ. ಅಂಗಡಿಯ ಗಲ್ಲಾದಂತೆ ಮಾರಿದಾಗಲೇ ದುಡ್ಡು ಬರುವ ವ್ಯಾಪಾರದಲ್ಲಿ ಇದು ಗೊತ್ತಾಗುವುದಿಲ್ಲ, ತಯಾರಿಕೆಯಲ್ಲಿ ಇದು ಪ್ರತಿ ಸಲ ಆಗುತ್ತದೆ. ವರ್ಷದ ಒಟ್ಟು ಅಂಕಿ ಮಾತ್ರ ಕೊಟ್ಟರೆ ಈ ತಿಂಗಳು ಸರಾಸರಿಯೊಳಗೆ ಮುಚ್ಚಿಹೋಗುತ್ತದೆ.

ಹಿಂದಿನ 6 ತಿಂಗಳಿಗೂ ಇದೇ ರೂಪದ ಪಟ್ಟಿ ಮಾಡಿ, ಸ್ಟೇಟ್‌ಮೆಂಟಿನ ಜಮಾ ಮೊತ್ತದ ಜೊತೆ ತಾಳೆ ಹಾಕಿ. ಮುಂದಿನದ್ದು ಅಂದಾಜು, ಹಿಂದಿನದ್ದು ಸಾಕ್ಷಿ. ಕಳೆದ ಆರು ತಿಂಗಳಲ್ಲಿ ಸರಾಸರಿ 17 ಲಕ್ಷ ಬಂದಿದ್ದು, ಮುಂದಿನ ತಿಂಗಳಿಂದ 20 ಬರುತ್ತದೆ ಎಂದು ಬರೆದಿದ್ದರೆ, ಆ 3 ಲಕ್ಷ ಎಲ್ಲಿಂದ ಎಂದು ಪಕ್ಕದಲ್ಲೇ ಬರೆಯಿರಿ. ಉದಾಹರಣೆಯಲ್ಲಿ ಉತ್ತರ ಸುಲಭ. ದೊಡ್ಡ ಗ್ರಾಹಕ ಎರಡು ತಿಂಗಳು ಏನೂ ಕೊಡಲಿಲ್ಲ, ಈಗ 120 ದಿನದ ಹಳೆ ಬಿಲ್ಲುಗಳು ಒಂದೊಂದಾಗಿ ಬರಲು ಶುರುವಾಗಿವೆ.

ಹಂತ 4: ಅತಿ ಕೆಳಗಿನ ತಿಂಗಳಿನಿಂದ ಕಂತು ಹುಡುಕಿ

ಈಗ ಪಟ್ಟಿಯ ಕೆಳಗೆ ಇನ್ನೆರಡು ಸಾಲು ಸೇರಿಸಿ: ಕಟ್ಟುವ ಕಂತು, ಮತ್ತು ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಉಳಿಯುವ ಮೊತ್ತ. ಕ್ರೆಡಿಟ್ ಅಧಿಕಾರಿ ನಿಮ್ಮ ಹಾಳೆ ಕೈಗೆ ತೆಗೆದುಕೊಂಡರೆ ಮೇಲಿನದ್ದನ್ನು ಆಮೇಲೆ ನೋಡುತ್ತಾರೆ. ಮೊದಲು ಪೆನ್ನಿನ ತುದಿಯನ್ನು ಕೊನೆಯ ಸಾಲಿಗೆ ಇಟ್ಟು ಎಡದಿಂದ ಬಲಕ್ಕೆ ಎಳೆಯುತ್ತಾರೆ, ಎಲ್ಲಕ್ಕಿಂತ ಸಣ್ಣ ಅಂಕಿಯ ಹತ್ತಿರ ನಿಲ್ಲುತ್ತಾರೆ.

ಖಾತೆಯಲ್ಲಿ ಈಗ 1.5 ಲಕ್ಷ ಇದೆ ಎಂದುಕೊಳ್ಳಿ. ಹಳೆಯ 2.32 ಕಂತೇ ಮುಂದುವರಿದರೆ ತಿಂಗಳ ಕೊನೆಗೆ ಉಳಿಯುವುದು ಹೀಗೆ: 0.68, 1.06, ಆಮೇಲೆ −0.86, −3.98, −5.10, −5.72. ಮೂರನೇ ತಿಂಗಳಿಗೆ ಕಂತು ತಪ್ಪುವುದು ಖಚಿತ. ನಿಮ್ಮ ಮನವಿಗೆ ಇದಕ್ಕಿಂತ ಗಟ್ಟಿ ಕಾರಣ ಬೇಕಾಗಿಲ್ಲ.

ಈಗ ಬೇರೆ ಬೇರೆ ಕಂತು ಹಾಕಿ ನೋಡಿ. ಆರು ತಿಂಗಳು ಬಡ್ಡಿ ಮಾತ್ರ ಕಟ್ಟುವುದಾದರೆ ತಿಂಗಳಿಗೆ 0.60 ಆಗುತ್ತದೆ. ಉಳಿಯುವುದು 2.4, 4.5, 4.3, 2.9, 3.5, 4.6. ಎಲ್ಲೂ ಸೊನ್ನೆಗಿಂತ ಕೆಳಗಿಲ್ಲ. "ಹಾಗಾದರೆ 1.2 ಕಟ್ಟಬಹುದಲ್ಲ?" ಎಂದು ಬ್ಯಾಂಕಿನವರು ಕೇಳಿಯೇ ಕೇಳುತ್ತಾರೆ. ಅವರು ಕೇಳುವ ಮೊದಲೇ ನೀವು ಹಾಕಿ ನೋಡಿ. 1.2 ಕಟ್ಟಿದರೆ 1.8, 3.3, 2.5, 0.5, 0.5, 1.0. ಕಾಗದದ ಮೇಲೆ ಇದೂ ನಡೆಯುತ್ತದೆ.

ಇಲ್ಲೇ ಒತ್ತಡ ಪರೀಕ್ಷೆ ಬರುತ್ತದೆ. ಅಂದರೆ, ಅಂದಾಜು ಸ್ವಲ್ಪ ತಪ್ಪಿದರೆ ಏನಾಗುತ್ತದೆ ಎಂಬ ಲೆಕ್ಕ. ಮೂರು ಮತ್ತು ನಾಲ್ಕನೇ ತಿಂಗಳಲ್ಲಿ ಚಿಕ್ಕ ಗ್ರಾಹಕರ ದುಡ್ಡು ಶೇ. 10 ಕಡಿಮೆ ಬಂತು ಎಂದಿಟ್ಟುಕೊಳ್ಳಿ. ಒಟ್ಟು 2.05 ಲಕ್ಷ ಕಮ್ಮಿ. ಬಡ್ಡಿ ಮಾತ್ರ ಕಟ್ಟುತ್ತಿದ್ದರೆ ನಾಲ್ಕನೇ ತಿಂಗಳ ಕೊನೆಗೆ 0.85 ಉಳಿಯುತ್ತದೆ. 1.2 ಕಟ್ಟುತ್ತಿದ್ದರೆ −1.55. ಹೀಗೆ ತೋರಿಸಿದರೆ, ಆರು ತಿಂಗಳು ಬಡ್ಡಿ ಮಾತ್ರ ಎಂಬ ಬೇಡಿಕೆ ಚೌಕಾಸಿಯ ಮಾತು ಎಂದು ಯಾರಿಗೂ ಅನ್ನಿಸುವುದಿಲ್ಲ.

ಹಂತ 5: ಆರು ತಿಂಗಳ ನಂತರದ ಕಂತು

ಇದಕ್ಕೆ ಬ್ಯಾಂಕಿನವರು ಬಳಸುವ ಒಂದು ಅಳತೆ ಇದೆ, ಡಿಎಸ್‌ಸಿಆರ್. ಸಾಲ ಕಟ್ಟಲು ವರ್ಷಕ್ಕೆ ಸಿಗುವ ನಗದನ್ನು, ವರ್ಷಕ್ಕೆ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯಿಂದ ಭಾಗಿಸಿದರೆ ಬರುವ ಸಂಖ್ಯೆ. 1 ಬಂದರೆ ಬಂದದ್ದೆಲ್ಲ ಕಂತಿಗೇ ಹೋಗುತ್ತದೆ. ಎಷ್ಟಿರಬೇಕು ಎನ್ನುವುದನ್ನು ಆಯಾ ಬ್ಯಾಂಕ್ ತೀರ್ಮಾನಿಸುತ್ತದೆ, 1.25ರ ಆಸುಪಾಸು ಕೇಳುವುದು ಸಾಮಾನ್ಯ. ನಿಮ್ಮ ಬ್ಯಾಂಕಿನದ್ದು ಎಷ್ಟು ಅಂತ ಶಾಖೆಯಲ್ಲೇ ಕೇಳಿ, ಹೇಳುತ್ತಾರೆ.

ತಗಡಿನವರ ಹಳೆ ಬಾಕಿ ಹತ್ತು ತಿಂಗಳಲ್ಲಿ ಮುಗಿಯುತ್ತದೆ, ಹಾಗಾಗಿ ಮಾಮೂಲಿ ವರ್ಷದ ಲೆಕ್ಕದಲ್ಲಿ ಅದನ್ನು ಬಿಡೋಣ. ಮೊದಲ ಆರು ತಿಂಗಳ ಉಳಿಕೆ 6.7. ಅದಕ್ಕೆ ಹಳೆ ಬಾಕಿಯ 6 ಸೇರಿಸಿದರೆ 12.7. ಮುಂದಿನ ಆರು ತಿಂಗಳಿಗೆ, ಹಳೆ ಬಾಕಿ ಕಳೆಯದೆ, ತಿಂಗಳಿಗೆ 2.5ರಂತೆ 15. ಒಟ್ಟು 27.7 ಲಕ್ಷ. ಹಳೆ ಕಂತು ವರ್ಷಕ್ಕೆ 27.9. ಅಂದರೆ ಡಿಎಸ್‌ಸಿಆರ್ 0.99. ಹಳೆ ಬಾಕಿ ತೀರಿದರೂ ಹಳೆ ಕಂತು ಈ ಕಾರ್ಖಾನೆಗೆ ಹೊರೆಯೇ. ಬರೀ ಆರು ತಿಂಗಳ ವಿರಾಮ ಕೇಳಿ ಸುಮ್ನೆ ಬಂದಿದ್ದರೆ ಮುಂದಿನ ವರ್ಷ ಮತ್ತೆ ಅದೇ ಬಾಗಿಲು ತಟ್ಟಬೇಕಿತ್ತು. ಒಂದೇ ಸಾಲಕ್ಕೆ ಎರಡನೇ ಸಲ ಮರುಹೊಂದಾಣಿಕೆ ಕೇಳುವುದು ತುಂಬಾ ಕಷ್ಟ, ಮೊದಲ ಲೆಕ್ಕವೇ ತಪ್ಪಿತ್ತು ಎಂದು ನೀವೇ ಒಪ್ಪಿಕೊಂಡಂತೆ.

27.7ನ್ನು 1.25ರಿಂದ ಭಾಗಿಸಿ, ಆಮೇಲೆ 12ರಿಂದ. ತಿಂಗಳಿಗೆ 1.85 ಬರುತ್ತದೆ. ಇದು ಮಿತಿ. 60 ಲಕ್ಷವನ್ನು ಎಷ್ಟು ತಿಂಗಳಿಗೆ ಹಂಚಿದರೆ ಕಂತು ಇದರೊಳಗೆ ಬರುತ್ತದೆ? ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ:

```
=PMT(0.01,40,-60)
```

ಮೊದಲನೆಯದು ತಿಂಗಳ ಬಡ್ಡಿ ದರ, ಎರಡನೆಯದು ಕಂತುಗಳ ಸಂಖ್ಯೆ, ಮೂರನೆಯದು ಸಾಲ. ಉತ್ತರ 1.83. ಡಿಎಸ್‌ಸಿಆರ್ 1.26 ಆಗುತ್ತದೆ. ಹಾಗಾದರೆ ಬೇಡಿಕೆ ಇದು: 6 ತಿಂಗಳು ಬಡ್ಡಿ ಮಾತ್ರ, ಆಮೇಲೆ 40 ತಿಂಗಳು 1.83. ಒಟ್ಟು 46 ತಿಂಗಳು, ಈಗಿನ 30ಕ್ಕಿಂತ 16 ಜಾಸ್ತಿ.

ಒಂದು ಅನುಮಾನ ಉಳಿಯುತ್ತದೆ. ಏಳರಿಂದ ಹತ್ತನೇ ತಿಂಗಳವರೆಗೆ ತಗಡಿನವರ 1 ಲಕ್ಷವೂ ಇದೆ, 1.83 ಕಂತೂ ಇದೆ, ಸಿಗುವುದು 2.5. ತಿಂಗಳಿಗೆ 0.33 ಕಮ್ಮಿ ಬೀಳುತ್ತದೆ ಅಲ್ವಾ? ಹೌದು. ಆದರೆ ಆರನೇ ತಿಂಗಳ ಕೊನೆಗೆ ಖಾತೆಯಲ್ಲಿ 4.6 ಇದೆ. ಹತ್ತನೇ ತಿಂಗಳಿಗೆ ಅದು 3.28ಕ್ಕೆ ಇಳಿದು ಅಲ್ಲಿಂದ ಮತ್ತೆ ಏರುತ್ತದೆ. ಒತ್ತಡ ಪರೀಕ್ಷೆಯ ಲೆಕ್ಕದಲ್ಲಿ ನೋಡಿದರೂ ಹತ್ತನೇ ತಿಂಗಳಿಗೆ 1.23 ಉಳಿಯುತ್ತದೆ. ಅದಕ್ಕೇ ಹತ್ತು ತಿಂಗಳ ರಿಯಾಯಿತಿ ಕೇಳುವ ಅಗತ್ಯವಿಲ್ಲ, ಆರು ಸಾಕು. ಬೇಕಾದ್ದಕ್ಕಿಂತ ಜಾಸ್ತಿ ಕೇಳಿದರೆ ಅಧಿಕಾರಿಗೆ ನಿಮ್ಮದೇ ಪಟ್ಟಿಯಲ್ಲಿ ಖಾತೆ ತುಂಬುತ್ತಾ ಹೋಗುವುದು ಕಾಣುತ್ತದೆ.

ಹಂತ 6: ಇದಕ್ಕೆ ನೀವು ಎಷ್ಟು ಕೊಡುತ್ತೀರಿ ಎಂದೂ ನೋಡಿ

ಹಳೆ ದಾರಿಯಲ್ಲಿ ಇನ್ನು ಕಟ್ಟಬೇಕಿದ್ದ ಬಡ್ಡಿ ಸುಮಾರು 9.75 ಲಕ್ಷ. ಹೊಸ ದಾರಿಯಲ್ಲಿ ಸುಮಾರು 16.7. ಹತ್ತಿರ ಹತ್ತಿರ 7 ಲಕ್ಷ ಜಾಸ್ತಿ. ಇದರ ಮೇಲೆ ಪ್ರೊಸೆಸಿಂಗ್ ಶುಲ್ಕ ಇರಬಹುದು, ಬಡ್ಡಿ ದರವನ್ನೇ ಸ್ವಲ್ಪ ಏರಿಸಲೂಬಹುದು. ಈ ಅಂಕಿ ನೋಡಿಯೂ ಬೇಕು ಅನ್ನಿಸಿದರೆ ಮುಂದೆ ಹೋಗಿ. ಕಾರ್ಖಾನೆಯಲ್ಲಿ ಉಪಯೋಗಿಸದೇ ನಿಂತ ಯಂತ್ರ ಮಾರಿದರೆ 10 ಲಕ್ಷ ಬರುವಂತಿದ್ದರೆ ಅದು ಇದಕ್ಕಿಂತ ಅಗ್ಗದ ದಾರಿ. ಆದರೆ ಆ ಯಂತ್ರ ಬ್ಯಾಂಕಿಗೆ ಅಡವಿದ್ದರೆ ಅವರ ಒಪ್ಪಿಗೆ ಇಲ್ಲದೆ ಮಾರಬೇಡಿ.

"ಆರು ತಿಂಗಳು ಬಡ್ಡಿಯನ್ನೂ ಬಿಡಿ, ಏನೂ ಕಟ್ಟುವುದಿಲ್ಲ" ಎಂದು ಕೇಳಬಹುದೇ? ಇದನ್ನು ಮಾರಟೋರಿಯಂ ಎನ್ನುತ್ತಾರೆ. ಆಗಲೂ ಬಡ್ಡಿ ನಿಲ್ಲುವುದಿಲ್ಲ, ಅಸಲಿಗೆ ಸೇರುತ್ತಾ ಹೋಗುತ್ತದೆ. ಆರು ತಿಂಗಳಿಗೆ 60 ಇದ್ದದ್ದು 63.69 ಆಗುತ್ತದೆ, ಅದನ್ನು 40 ತಿಂಗಳಿಗೆ ಹಂಚಿದರೆ ಕಂತು 1.94. ನಮ್ಮ ಮಿತಿ 1.85. ಮಿತಿ ಮೀರಿತು. ಬಡ್ಡಿ ಕಟ್ಟುವ ಶಕ್ತಿ ಇದ್ದರೆ ಬಡ್ಡಿ ಕಟ್ಟಿಬಿಡಿ. ನೀವು ತಿಂಗಳು ತಿಂಗಳು ಏನಾದರೂ ಕಟ್ಟುತ್ತಿದ್ದೀರಿ ಎಂದರೆ ಬ್ಯಾಂಕಿಗೂ ಒಪ್ಪುವುದು ಸುಲಭ.

ಹಂತ 7: ಪತ್ರ ಬರೆಯಿರಿ

ಲೆಕ್ಕ ಮುಗಿದ ಮೇಲೆ ಪತ್ರಕ್ಕೆ ಒಂದೂವರೆ ಪುಟ ಸಾಕು. ಬೇಡಿಕೆ ಮೊದಲ ಪ್ಯಾರಾದಲ್ಲೇ ಇರಲಿ. ಹೀಗೆ:

"ನಮ್ಮ ಟರ್ಮ್ ಲೋನಿನ ಬಾಕಿ 60 ಲಕ್ಷವನ್ನು ಮೊದಲ 6 ತಿಂಗಳು ಬಡ್ಡಿ ಮಾತ್ರ ಕಟ್ಟಿ, ನಂತರ 40 ಸಮಾನ ಕಂತುಗಳಲ್ಲಿ, ತಿಂಗಳಿಗೆ 1.83 ಲಕ್ಷದಂತೆ ತೀರಿಸಲು ಅನುಮತಿ ಕೋರುತ್ತೇವೆ. ಇದುವರೆಗೆ ಯಾವ ಕಂತೂ ತಪ್ಪಿಲ್ಲ. ಜೊತೆಗಿರುವ ನಗದು ಪಟ್ಟಿಯ ಪ್ರಕಾರ ಈಗಿನ ಕಂತೇ ಮುಂದುವರಿದರೆ ಮೂರನೇ ತಿಂಗಳಿನಿಂದ ಕಟ್ಟಲು ಆಗುವುದಿಲ್ಲ."

ಎರಡನೇ ಪ್ಯಾರಾದಲ್ಲಿ ಕಾರಣ: 60 ದಿನ 120 ಆದದ್ದು, 16 ಲಕ್ಷ, 6, 10. ಮೂರನೆಯದರಲ್ಲಿ ನೀವು ಈಗಾಗಲೇ ಮಾಡಿರುವುದು. ಇದನ್ನು ಖಾಲಿ ಬಿಡಬೇಡಿ. ಮನೆಖರ್ಚಿನ ದುಡ್ಡು ಎಷ್ಟು ಇಳಿಸಿದ್ದೀರಿ, ತಗಡಿನವರ ಹತ್ತಿರ ಹತ್ತು ತಿಂಗಳ ಒಪ್ಪಂದ ಬರಹದಲ್ಲಿ ಮಾಡಿಸಿಕೊಂಡಿದ್ದೀರಾ, ದೊಡ್ಡ ಗ್ರಾಹಕನಿಂದ ಪಾವತಿ ದಿನಾಂಕಗಳ ಪತ್ರ ತಂದಿದ್ದೀರಾ. ತಗಡಿನವರು ಬಾಯಿಮಾತಲ್ಲಿ ಒಪ್ಪಿದ್ದಾರೆ ಎಂದರೆ ನಿಮ್ಮ ಪಟ್ಟಿಯ ಒಂದು ಇಡೀ ಸಾಲಿಗೆ ಆಧಾರವಿಲ್ಲ. ಕೊನೆಗೆ, ಒತ್ತಡ ಪರೀಕ್ಷೆಯ ಫಲಿತಾಂಶ ಎರಡು ಸಾಲಲ್ಲಿ, ಪ್ರತಿ ತಿಂಗಳು ನಗದು ಪಟ್ಟಿಯನ್ನು ನಿಜವಾಗಿ ಬಂದ ಅಂಕಿಯ ಜೊತೆ ಹೋಲಿಸಿ ಕಳಿಸುತ್ತೇವೆ ಎಂಬ ಮಾತು, ಮತ್ತು ಲಗತ್ತುಗಳ ಪಟ್ಟಿ.

ಪತ್ರ ಕೊಟ್ಟ ದಿನ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಂತು ತಪ್ಪುವ ಮೊದಲೇ ಕೇಳಿದ್ದೆವು ಎನ್ನಲು ಅದೇ ದಾಖಲೆ.

ಫೈಲು ಎಲ್ಲಿ ಸಿಕ್ಕಿಬೀಳುತ್ತದೆ

ಒಂದು ದೊಡ್ಡ ಹಳ್ಳ ಓಡಿಯಲ್ಲಿದೆ. ಓಡಿ ಮಿತಿ 30 ಲಕ್ಷ ಇದ್ದರೂ ಎಷ್ಟು ಎಳೆಯಬಹುದು ಎನ್ನುವುದು ಡ್ರಾಯಿಂಗ್ ಪವರ್ ಮೇಲೆ ನಿಂತಿದೆ. ನಿಮ್ಮ ದಾಸ್ತಾನು ಮತ್ತು ಬರಬೇಕಾದ ಬಿಲ್ಲುಗಳಲ್ಲಿ ಇಂತಿಷ್ಟು ಭಾಗ ಎಂದು ಬ್ಯಾಂಕ್ ಹಾಕುವ ಲೆಕ್ಕ ಅದು. 90 ದಿನಕ್ಕಿಂತ ಹಳೆಯ ಬಿಲ್ಲುಗಳನ್ನು ಈ ಲೆಕ್ಕಕ್ಕೆ ಹಿಡಿಯದ ಬ್ಯಾಂಕುಗಳು ಬಹಳ. ಉದಾಹರಣೆಯ ದೊಡ್ಡ ಗ್ರಾಹಕ ಕೊಡುವುದೇ 120 ದಿನಕ್ಕೆ. ಅಂದರೆ ಯಾವಾಗ ನೋಡಿದರೂ ಅವನ 8 ಲಕ್ಷದ ಬಿಲ್ಲು 90 ದಿನ ದಾಟಿರುತ್ತದೆ. ಅದರ ಮುಕ್ಕಾಲು ಭಾಗದ ಮೇಲೆ ಓಡಿ ಸಿಗುತ್ತಿತ್ತು ಎಂದಾದರೆ, ಒಂದೇ ಏಟಿಗೆ 6 ಲಕ್ಷ ಕಡಿತವಾಗಬಹುದು. ಟರ್ಮ್ ಲೋನಿನ ಕಂತು ಇಳಿಸಿಕೊಂಡು ಇತ್ತ ಓಡಿಯಲ್ಲಿ 6 ಲಕ್ಷ ಕಳೆದುಕೊಂಡರೆ ಮೇಲೆ ಮಾಡಿದ ಪಟ್ಟಿ ಮೊದಲ ತಿಂಗಳಲ್ಲೇ ಸುಳ್ಳಾಗುತ್ತದೆ. ಆದ್ದರಿಂದ ಅದೇ ಪತ್ರದಲ್ಲಿ ಎರಡನೇ ಬೇಡಿಕೆ ಸೇರಿಸಿ: ಈ ಗ್ರಾಹಕನ ಬಿಲ್ಲುಗಳನ್ನು ಒಂದು ವರ್ಷದ ಮಟ್ಟಿಗೆ 120 ದಿನದವರೆಗೆ ಡ್ರಾಯಿಂಗ್ ಪವರ್‌ಗೆ ಹಿಡಿಯಬೇಕು. ಇದನ್ನು ಒಪ್ಪದಿದ್ದರೆ ಪಟ್ಟಿಯನ್ನು ಹೊಸದಾಗಿ ಮಾಡಬೇಕು, ಬಡ್ಡಿ ಮಾತ್ರ ಕಟ್ಟುವುದೂ ಆಗದೇ ಹೋಗಬಹುದು.

ಇನ್ನೊಂದು, ಒಬ್ಬನೇ ಗ್ರಾಹಕನ ಮೇಲೆ ನಿಂತಿರುವುದು. ಅವನ ಒಂದು ತಿಂಗಳ 8 ಲಕ್ಷ ಪೂರ್ತಿ ಒಂದು ತಿಂಗಳು ಮುಂದೆ ಹೋದರೆ ನಮ್ಮ ಪಟ್ಟಿಯ ಯಾವ ತಿಂಗಳೂ ತಡೆಯುವುದಿಲ್ಲ, ಎಲ್ಲಕ್ಕಿಂತ ಒಳ್ಳೆಯ ತಿಂಗಳಲ್ಲೂ ಉಳಿಕೆ 4.6 ಮಾತ್ರ. ಇದನ್ನು ಮುಚ್ಚಿಡಬೇಡಿ. ಅಧಿಕಾರಿಗೆ ಕಂಡೇ ಕಾಣುತ್ತದೆ. ಹಾಗಾದರೆ ಏನು ಮಾಡುತ್ತೀರಿ ಎಂದು ಬರೆಯಿರಿ. ಬಿಲ್ ಡಿಸ್ಕೌಂಟಿಂಗ್ ಒಂದು ದಾರಿ, ಅಂದರೆ ಗ್ರಾಹಕ ಒಪ್ಪಿದ ಬಿಲ್ಲನ್ನು ಸ್ವಲ್ಪ ಕಡಿತಕ್ಕೆ ಹಣಕಾಸು ಸಂಸ್ಥೆಗೆ ಕೊಟ್ಟು ದುಡ್ಡು ಮೊದಲೇ ಪಡೆಯುವುದು. ಆದರೆ ಒಂದು ಎಚ್ಚರಿಕೆ. ಅದೇ ಬಿಲ್ಲು ಓಡಿಗೆ ಅಡವಿದ್ದರೆ ಅದನ್ನು ಎರಡು ಕಡೆ ಕೊಡುವಂತಿಲ್ಲ. ಬ್ಯಾಂಕಿನ ಒಪ್ಪಿಗೆ ಬರಹದಲ್ಲಿ ಬೇಕು.

ಮತ್ತೆ, ಅಂಕಿಗಳು ಒಂದಕ್ಕೊಂದು ಹೊಂದದೇ ಇರುವುದು. ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು ಒಂದು, ಆಡಿಟ್ ಲೆಕ್ಕದಲ್ಲಿ ಇನ್ನೊಂದು, ತೆರಿಗೆ ಇಲಾಖೆಗೆ ತೋರಿಸಿದ ಮಾರಾಟ ಮತ್ತೊಂದು. ಮರುಹೊಂದಾಣಿಕೆಯ ಫೈಲು ಬಂದಾಗ ಬ್ಯಾಂಕ್ ಇವನ್ನೆಲ್ಲ ಒಟ್ಟಿಗೆ ಮೇಜಿನ ಮೇಲೆ ಹರಡುತ್ತದೆ. ವ್ಯತ್ಯಾಸ ಇದ್ದರೆ ಕಾರಣವನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ.

ಹಂತ 8: ಮಂಜೂರಾದ ಮೇಲೆ

ಹೊಸ ಮಂಜೂರಾತಿ ಪತ್ರ ಬಂದ ದಿನವೇ ಸಹಿ ಹಾಕಬೇಡಿ. ಬಡ್ಡಿ ದರ, ಕಂತು ಶುರುವಾಗುವ ತಿಂಗಳು, ಹೊಸದಾಗಿ ಕೇಳಿದ ಅಡಮಾನ, ವೈಯಕ್ತಿಕ ಜಾಮೀನು, ಇವನ್ನು ನಿಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ಓದಿ. ದರ ಶೇ. 12ರಿಂದ 13ಕ್ಕೆ ಏರಿಸಿದ್ದರೆ `PMT` ಸೂತ್ರಕ್ಕೆ ಹೊಸ ದರ ಹಾಕಿ, 1.85 ಮಿತಿಯೊಳಗೆ ಇದೆಯೇ ನೋಡಿ. ಮೀರಿದ್ದರೆ ಕಂತಿನ ಸಂಖ್ಯೆ ಒಂದೆರಡು ಜಾಸ್ತಿ ಮಾಡಲು ಸಹಿಗೆ ಮೊದಲೇ ಕೇಳಿ.

ಕೊನೆಯದಾಗಿ, ಹಳೆ ಕಂತಿಗೆ ಕೊಟ್ಟಿದ್ದ ಆಟೋ ಡೆಬಿಟ್ ಆದೇಶ. ಹೊಸ ಒಪ್ಪಂದ ಆದ ಮಾತ್ರಕ್ಕೆ ಅದು ತಾನಾಗಿ ಬದಲಾಗುತ್ತದೆ ಎಂದುಕೊಳ್ಳಬೇಡಿ. ಮೊದಲ ತಿಂಗಳು 0.60 ಹೋಗಬೇಕಾದ ಕಡೆ 2.32 ಹೋದರೆ 1.72 ಲಕ್ಷ ಅಸಲಿಗೆ ಜಮಾ ಆಗುತ್ತದೆ, ಸಂಬಳದ ದಿನಕ್ಕೆ ದುಡ್ಡು ಸಾಲದೆ ಬರುತ್ತದೆ. ಹಳೆ ಆದೇಶ ರದ್ದಾಗಿ ಹೊಸ ಮೊತ್ತ ಸಿಸ್ಟಮ್‌ಗೆ ಏರಿದೆ ಎಂದು ಕಂತಿನ ದಿನಕ್ಕೆ ಒಂದು ವಾರ ಮೊದಲೇ ಶಾಖೆಗೆ ಹೋಗಿ ನೋಡಿಕೊಂಡು ಬನ್ನಿ.